ಒಂದೇ ನಳದಲ್ಲಿ ನೀರು ಸಣ್ಣಗಾಗಿದೆಯೇ, ಮನೆಯಲ್ಲೆಲ್ಲವೇ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮ ಮನೆ, ನೆಲಮಹಡಿ ಮಾತ್ರ. ಎರಡು ತಿಂಗಳಿಂದ ಅಡುಗೆಮನೆಯ ನಳದಲ್ಲಿ ನೀರು ದಾರದಂತೆ ಬರುತ್ತಿದೆ. ಪ್ಲಂಬರ್ ಪ್ರೆಶರ್ ಪಂಪ್ ಹಾಕಿಸಿರಿ ಎನ್ನುತ್ತಾರೆ. ಹಾಕಿಸಲೇ?

ಸದ್ಯಕ್ಕೆ ಬೇಡ. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನ್ ತೆಗೆದುಕೊಳ್ಳಿ. ನಳಗಳನ್ನು ಒಂದೊಂದಾಗಿ ಪೂರ್ತಿ ಬಿಟ್ಟು, ಅದು ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮೊಬೈಲ್‌ನಲ್ಲಿ ನೋಡಿ ಬರೆದಿಡಿ. ಅಂಗಳದ ನಳ ನೇರವಾಗಿ ಪಾಲಿಕೆಯ ಲೈನಿಗೆ ಜೋಡಿಸಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ; ಉಳಿದವುಗಳಿಗೆ ನೀರು ಕೊಡುವುದು ಮಾಳಿಗೆಯ ಮೇಲಿನ ಟ್ಯಾಂಕ್.

ಧಾರವಾಡದ ನಮ್ಮ ಮನೆಯಲ್ಲಿ ಹೀಗೆಯೇ ಅಳೆದಾಗ ಬಚ್ಚಲಿನ ನಳ 35 ಸೆಕೆಂಡಿಗೆ ಕ್ಯಾನ್ ತುಂಬಿಸಿತು, ಅಡುಗೆಮನೆಯದು ಮೂರು ನಿಮಿಷ ಕಳೆದರೂ ತುಂಬಿಸಲಿಲ್ಲ. ಟ್ಯಾಂಕ್ ಅದೇ, ಎತ್ತರವೂ ಅದೇ. ಅಂದಮೇಲೆ ತಪ್ಪು ಟ್ಯಾಂಕಿನದಲ್ಲ. ನಳದ ತುದಿಯ ಜಾಲಿಗೆ ಬಟ್ಟೆ ಸುತ್ತಿ ಇಕ್ಕಳದಿಂದ ತಿರುಗಿಸಿ ಬಿಚ್ಚಿದೆ. ಒಳಗೆ ಮರಳು, ಬೋರ್‌ವೆಲ್ ನೀರಿನ ಬಿಳಿ ಹಕ್ಕಳೆ, ಯಾವ ಕಾಲದ್ದೋ ಟೆಫ್ಲಾನ್ ಟೇಪಿನ ಎಳೆ! ರಾತ್ರಿಯಿಡೀ ಲಿಂಬೆರಸದಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ.

ಬಹಳ ಮಂದಿಗೆ ಇಲ್ಲಿಗೆ ಕೆಲಸ ಮುಗಿಯುತ್ತದೆ. ನನಗೆ ಮುಗಿಯಲಿಲ್ಲ, ಇನ್ನೂ ಎರಡು ನಿಮಿಷ ಹಿಡಿಯುತ್ತಿತ್ತು. ಆಗ ಸಿಂಕಿನ ಕೆಳಗಿನ ಆ್ಯಂಗಲ್ ಕಾಕ್ ಮುಚ್ಚಿ, ಅದರಿಂದ ನಳಕ್ಕೆ ಹೋಗುವ ಪೈಪಿನ ಮೇಲಿನ ತುದಿ ಬಿಚ್ಚಿ, ಬಕೆಟ್ಟಿನೊಳಗೆ ಇಳಿಬಿಟ್ಟು, ಮತ್ತೆ ಕಾಕ್ ತೆರೆದೆ. ಪೈಪಿನಿಂದ ನೀರು ಜೋರಾಗಿ ಬಂದಿದ್ದರೆ ದೋಷ ನಳದ ಒಳಭಾಗದ್ದು ಎಂದಾಗುತ್ತಿತ್ತು. ಅಲ್ಲಿಯೂ ಸಣ್ಣಗೇ ಬಂತು. ಟ್ಯಾಂಕಿನ ವಾಲ್ವ್ ಬಂದ್ ಮಾಡಿ ಕಾಕ್ ಬಿಚ್ಚಿ ನೋಡಿದರೆ ಅದರ ಬಾಯಿಯೊಳಗೆ ಸುಣ್ಣದಂತೆ ಬಿಳಿ ಪದರ ಗಟ್ಟಿಯಾಗಿ ಕೂತಿತ್ತು. ಹೊಸ ಕಾಕ್ ಹಾಕಿದ ಮೇಲೆ 40 ಸೆಕೆಂಡ್.

ನಿಮ್ಮಲ್ಲಿ ಎಲ್ಲ ನಳಗಳೂ ಒಂದೇ ರೀತಿ ನಿಧಾನವಾಗಿದ್ದರೆ ಸಿಂಕಿನ ಕೆಳಗೆ ಹುಡುಕಿ ಫಲವಿಲ್ಲ, ಮಾಳಿಗೆ ಹತ್ತಿ. ಟ್ಯಾಂಕಿನಿಂದ ಇಳಿಯುವ ಪೈಪಿನ ಗೇಟ್ ವಾಲ್ವ್ ಮೋಸಗಾರ: ಕೆಲವೊಮ್ಮೆ ಚಕ್ರ ಪೂರ್ತಿ ತಿರುಗುತ್ತದೆ, ಒಳಗಿನ ತಟ್ಟೆ ಮಾತ್ರ ಕಡ್ಡಿಯಿಂದ ಕಳಚಿ ದಾರಿಗೆ ಅಡ್ಡ ಬಿದ್ದಿರುತ್ತದೆ. ತೊಂದರೆ ಶುರುವಾದದ್ದು ಟ್ಯಾಂಕ್ ಪೂರ್ತಿ ಬರಿದಾಗಿ ಮತ್ತೆ ತುಂಬಿದ ದಿನದಿಂದಲೇ ಆಗಿದ್ದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು.

ಮನೆ ಕಟ್ಟಿದಾಗಿನಿಂದ ಎಲ್ಲ ಕಡೆ ನೀರು ಸಣ್ಣಗೇ ಇದ್ದರೆ ಅದು ಎತ್ತರದ ಕೊರತೆ. ನಳದಿಂದ 10 ಮೀಟರ್ ಮೇಲೆ ನೀರಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ. ಎರಡೇ ಮೀಟರ್ ಇದ್ದರೆ ಅದರ ಐದನೇ ಒಂದು ಭಾಗ. ಪಂಪಿನ ಮಾತು ಬರುವುದು ಆಗ. ನೀವು ಹೇಳುವುದು ಒಂದೇ ನಳದ ಕಥೆ, ಅದೂ ಎರಡು ತಿಂಗಳಿನದು. ಆ ಜಾಲಿ ಬಿಚ್ಚಿ ನೋಡಿ, ಒಳಗೆ ಏನಿತ್ತು ಎಂದು ತಿಳಿಸಿ.