ಛೇದದಲ್ಲಿ 8 ಬರಬೇಕೋ, 2 ಬರಬೇಕೋ?

“ಮಾನ್ಯ ಸಂಪಾದಕರೇ, ಪದವಿ ಮೊದಲ ವರ್ಷದವರಿಗೆಂದು ‘ಮಾನಕ ವಿಚಲನೆ, ಮಾನಕ ದೋಷ: ಒಂದೇ ನಾಣ್ಯದ ಎರಡು ಮುಖ’ ಅನ್ನುವ ಲೇಖನ ಕಳಿಸಿದ್ದೇನೆ. ಜೆಡ್ ಸ್ಕೋರನ್ನೂ ಅದರಲ್ಲೇ ಸೇರಿಸಿದ್ದೇನೆ. ಓದಿದ ಗೆಳೆಯರು ಭಾಷೆ ಸಲೀಸಾಗಿದೆ, ಆದರೆ ಅಸೈನ್‌ಮೆಂಟಿಗೆ ಕೂತರೆ ಮತ್ತೆ ಗೊಂದಲ ಆಗುತ್ತೆ ಅಂತಾರೆ. ಎಲ್ಲಿ ಎಡವಿದ್ದೇನೆ? ಮುಲಾಜಿಲ್ಲದೆ ಹೇಳಿ.”

ಗೆಳೆಯರು ಹೇಳಿದ್ದು ಸರಿ. ಅವರಿಗೆ ಗೊಂದಲ ಆಗುವುದಕ್ಕೆ ಕಾರಣ ನಿಮ್ಮ ನಾಲ್ಕನೇ ಪುಟದಲ್ಲಿದೆ. ಯಂತ್ರ ತುಂಬುವ ಪೊಟ್ಟಣದ ಸರಾಸರಿ ತೂಕ 500 ಗ್ರಾಂ, ಮಾನಕ ವಿಚಲನೆ 8 ಗ್ರಾಂ ಎಂದು ಕೊಟ್ಟಿದ್ದೀರಿ. ಆಮೇಲೆ 16 ಪೊಟ್ಟಣ ತೂಗಿದಾಗ ಸರಾಸರಿ 496 ಬಂತು, ಯಂತ್ರ ಕೆಟ್ಟಿದೆಯೇ ಎಂದು ಕೇಳಿ ಹೀಗೆ ಲೆಕ್ಕ ಮಾಡಿದ್ದೀರಿ:

```
z = (496 − 500) / 8 = −0.5
```

ಅರ್ಧ ವಿಚಲನೆಯಷ್ಟೇ ವ್ಯತ್ಯಾಸ, ಯಂತ್ರ ಸರಿಯಾಗಿದೆ ಅನ್ನುವುದು ನಿಮ್ಮ ತೀರ್ಪು. ಗುಣಾಕಾರ ಭಾಗಾಕಾರ ಯಾವುದೂ ತಪ್ಪಿಲ್ಲ, ತೀರ್ಪು ಮಾತ್ರ ತಪ್ಪು. ಒಂದೇ ಒಂದು ಪೊಟ್ಟಣ ಕೈಗೆತ್ತಿಕೊಂಡು ಅದು 496 ತೂಗಿದ್ದರೆ 8ರಿಂದ ಭಾಗಿಸಿದ್ದು ಸರಿಯಾಗುತ್ತಿತ್ತು. ತೂಕಗಳ ಹಂಚಿಕೆ ನಾರ್ಮಲ್ ಆಗಿದ್ದರೆ ನೂರಕ್ಕೆ ಸುಮಾರು 31 ಪೊಟ್ಟಣ ಅದಕ್ಕಿಂತ ಹಗುರವಾಗಿಯೇ ಇರುತ್ತವೆ, ತಲೆ ಕೆಡಿಸಿಕೊಳ್ಳಬೇಕಾದ್ದಿಲ್ಲ. ಆದರೆ ನಿಮ್ಮ ಅಂಶದಲ್ಲಿ ಕೂತಿರುವುದು ಒಂದು ಪೊಟ್ಟಣದ ತೂಕವಲ್ಲ, ಹದಿನಾರರ ಸರಾಸರಿ. ಸರಾಸರಿಗಳು ಪೊಟ್ಟಣಗಳಷ್ಟು ಹರಡಿಕೊಳ್ಳುವುದಿಲ್ಲ. ಅವು ಎಷ್ಟು ಹರಡುತ್ತವೆ ಅನ್ನುವುದರ ಅಳತೆಯೇ ಮಾನಕ ದೋಷ. ಇಲ್ಲಿ ಅದು 8ನ್ನು 16ರ ವರ್ಗಮೂಲದಿಂದ ಭಾಗಿಸಿದರೆ ಬರುವ 2 ಗ್ರಾಂ.

```
z = (496 − 500) / 2 = −2
```

ಯಂತ್ರ ಸರಿಯಾಗಿದ್ದೂ ಇಷ್ಟು ಕಡಿಮೆ ಸರಾಸರಿ ಬರುವ ಸಂಭವ ನೂರಕ್ಕೆ ಎರಡು ಚಿಲ್ಲರೆ. ಅದೇ 496, ಅದೇ 500. ಛೇದ ಬದಲಾದ ಕೂಡಲೇ ‘ಪರವಾಗಿಲ್ಲ’ ಅನ್ನುವುದು ‘ಯಂತ್ರ ನಿಲ್ಲಿಸಿ ನೋಡಿ’ ಆಯಿತು. ನಿಮ್ಮ ಲೇಖನದ ಬೆನ್ನೆಲುಬೇ ಇದಾಗಬೇಕಿತ್ತು. ಜೆಡ್ ಸ್ಕೋರ್ ಹಾಕುವ ಮೊದಲು ವಿದ್ಯಾರ್ಥಿ ಅಂಶದಲ್ಲಿರುವ ಸಂಖ್ಯೆಯ ಮೇಲೆ ಬೆರಳಿಟ್ಟು, ಇದು ಒಂದು ವಸ್ತುವಿನ ಅಳತೆಯೋ ಹಲವು ಅಳತೆಗಳ ಸರಾಸರಿಯೋ ಎಂದು ಕೇಳಿಕೊಳ್ಳಬೇಕು. ವಸ್ತುವಾದರೆ ವಿಚಲನೆಯಿಂದ ಭಾಗಿಸಲಿ, ಸರಾಸರಿಯಾದರೆ ದೋಷದಿಂದ. ನೀವು ಎರಡು ಸೂತ್ರಗಳನ್ನೂ ಕೊಟ್ಟಿದ್ದೀರಿ, ಆದರೆ ಯಾವುದು ಯಾವಾಗ ಅನ್ನುವ ಈ ಒಂದು ಸಾಲು ಇಡೀ ಲೇಖನದಲ್ಲಿ ಎಲ್ಲೂ ಇಲ್ಲ.

ವರ್ಗಮೂಲ ಎಲ್ಲಿಂದ ಬಂತು ಅನ್ನುವುದನ್ನು ‘ಗಣಿತದ ಪ್ರಕಾರ’ ಎಂದು ಎರಡೇ ಪದದಲ್ಲಿ ದಾಟಿಬಿಟ್ಟಿದ್ದೀರಿ. ಓದುಗ ನಿಮ್ಮ ಕೈ ಬಿಡುವುದು ಅಲ್ಲೇ. ಅರ್ಧ ಪುಟ ಕೊಟ್ಟರೆ ಅವನ ಕೈಯಿಂದಲೇ ಮಾಡಿಸಬಹುದು. ಡಬ್ಬಿಯಲ್ಲಿ ಮೂರು ಚೀಟಿ ಹಾಕಿ: 2, 4, 6. ಸರಾಸರಿ 4. ಅದರಿಂದ ಇರುವ ಅಂತರಗಳ ವರ್ಗ 4, 0, 4. ಮೊತ್ತ 8ನ್ನು 3ರಿಂದ ಭಾಗಿಸಿದರೆ 2.67, ಅದರ ವರ್ಗಮೂಲ 1.63. ಡಬ್ಬಿಯಲ್ಲಿರುವುದು ಇಷ್ಟೇ ಚೀಟಿ, ಹಾಗಾಗಿ ಸ್ಯಾಂಪಲ್‌ನಲ್ಲಿ ಮಾಡುವ ಹಾಗೆ ಇಲ್ಲಿ ಎಣಿಕೆಯಿಂದ ಒಂದು ಕಳೆದು ಭಾಗಿಸುವ ಪ್ರಶ್ನೆ ಇಲ್ಲ. ಇದು ಚೀಟಿಗಳ ಮಾನಕ ವಿಚಲನೆ.

ಈಗ ಒಂದು ಚೀಟಿ ತೆಗೆದು ಬರೆದುಕೊಂಡು, ಮತ್ತೆ ಡಬ್ಬಿಗೆ ಹಾಕಿ, ಇನ್ನೊಂದು ತೆಗೆಯಲಿ. ಹೀಗೆ ಸಿಗಬಹುದಾದ ಜೋಡಿಗಳು ಒಟ್ಟು ಒಂಬತ್ತು. ಅವುಗಳ ಸರಾಸರಿಗಳನ್ನು ಪಟ್ಟಿ ಮಾಡಿದರೆ 2 ಒಂದು ಸಲ, 3 ಎರಡು ಸಲ, 4 ಮೂರು ಸಲ, 5 ಎರಡು ಸಲ, 6 ಒಂದು ಸಲ. ಸರಾಸರಿ 6 ಬರಬೇಕಾದರೆ ಎರಡೂ ಸಲ 6ರ ಚೀಟಿಯೇ ಸಿಗಬೇಕು, ಅದು ಅಪರೂಪ. ಒಂದು ಕಡೆ ಹೆಚ್ಚಾದದ್ದನ್ನು ಇನ್ನೊಂದು ಸರಿದೂಗಿಸುವುದರಿಂದ ನಡುವಿನ 4 ಮೂರು ಸಲ ಬಂತು. ಈ ಒಂಬತ್ತು ಸರಾಸರಿಗಳ ಅಂತರಗಳ ವರ್ಗ ಕೂಡಿಸಿ: 12. ಒಂಬತ್ತರಿಂದ ಭಾಗಿಸಿದರೆ 1.33, ಮೊದಲಿನ 2.67ರ ಸರಿಯಾಗಿ ಅರ್ಧ. ವರ್ಗಮೂಲ 1.15. ಎರಡು ಚೀಟಿ ತೆಗೆದರೆ ವರ್ಗಗಳ ಸರಾಸರಿ ಎರಡರಿಂದ ಭಾಗವಾಯಿತು, ಹಾಗಾಗಿ ವಿಚಲನೆ ಎರಡರ ವರ್ಗಮೂಲದಿಂದ ಭಾಗವಾಯಿತು. ಹದಿನಾರಾದರೆ ನಾಲ್ಕರಿಂದ. ನೋಟ್‌ಬುಕ್ಕಿನ ಒಂದು ಪುಟದಲ್ಲಿ ಇದು ಮುಗಿಯುತ್ತದೆ, ಆಮೇಲೆ ಸೂತ್ರ ಬಾಯಿಪಾಠ ಮಾಡಬೇಕಾಗಿಲ್ಲ.

ಚೀಟಿ ಮತ್ತೆ ಡಬ್ಬಿಗೆ ಹಾಕಿದ್ದು ಸುಮ್ಮನೆ ಅಲ್ಲ ಅನ್ನುವುದನ್ನೂ ಅಲ್ಲೇ ಹೇಳಿ. ಒಂದು ಅಳತೆ ಇನ್ನೊಂದನ್ನು ಅವಲಂಬಿಸದಿದ್ದರೆ ಮಾತ್ರ ಈ ವರ್ಗಮೂಲ ನಿಲ್ಲುತ್ತದೆ. ಯಂತ್ರದಿಂದ ಸಾಲಾಗಿ ಬಿದ್ದ 16 ಪೊಟ್ಟಣ ಎತ್ತಿಕೊಂಡರೆ, ಆ ಹೊತ್ತಿಗೆ ಯಂತ್ರ ಸ್ವಲ್ಪ ಕಡಿಮೆ ತುಂಬುತ್ತಿದ್ದರೆ ಹದಿನಾರೂ ಒಟ್ಟಿಗೇ ಹಗುರ. ಹೆಸರಿಗೆ ಹದಿನಾರು, ಮಾಹಿತಿ ನಾಲ್ಕೈದರದ್ದೇ ಇರಬಹುದು. ನಿಮ್ಮ ಪೊಟ್ಟಣಗಳನ್ನು ಹೇಗೆ ಆರಿಸಿದ್ದೆಂದು ಬರೆದಿಲ್ಲ, ಬರೆಯಿರಿ.

ಮೂರನೇ ಪುಟದಲ್ಲಿ ‘ಸ್ಯಾಂಪಲ್ ದೊಡ್ಡದಾದಷ್ಟೂ ವಿಚಲನೆ ಮತ್ತು ದೋಷ ಎರಡೂ ಕುಗ್ಗುತ್ತವೆ’ ಎಂದಿದೆ. ಆ ಸಾಲನ್ನು ಹೊಡೆದುಹಾಕಿ. ಸಾವಿರ ಪೊಟ್ಟಣ ತೂಗಿದರೂ ಯಂತ್ರದ ಏರುಪೇರು ಕಡಿಮೆಯಾಗುವುದಿಲ್ಲ, ವಿಚಲನೆ 8ರ ಆಸುಪಾಸಿನಲ್ಲೇ ಇನ್ನಷ್ಟು ಗಟ್ಟಿಯಾಗಿ ನೆಲೆ ನಿಲ್ಲುತ್ತದೆ, ಅಷ್ಟೇ. ಕುಗ್ಗುವುದು ದೋಷ ಮಾತ್ರ, ಅದೂ ನಿಧಾನವಾಗಿ. 2 ಗ್ರಾಮನ್ನು 1ಕ್ಕೆ ಇಳಿಸಲು 64 ಪೊಟ್ಟಣ ಬೇಕು, ಅರ್ಧ ಗ್ರಾಮಿಗೆ 256. ‘ನಾಣ್ಯದ ಎರಡು ಮುಖ’ ಅನ್ನುವ ಶೀರ್ಷಿಕೆ ಕೂಡ ಇಲ್ಲಿಗೇ ಬಿದ್ದುಹೋಗುತ್ತದೆ. ಒಂದು ಯಂತ್ರದ ಗುಣ, ಇನ್ನೊಂದು ನೀವು ಎಷ್ಟು ತೂಗಿದಿರಿ ಅನ್ನುವುದರ ಮೇಲೆ ನಿಂತ ಸಂಖ್ಯೆ.

ಅದೇ ಪುಟದ ಕೋಷ್ಟಕದಲ್ಲಿ ‘496 ± 2’ ಎಂದು ಬಿಟ್ಟಿದ್ದೀರಿ. ಎರಡು ಏನು? ಓದುಗ ಅದನ್ನು ವಿಚಲನೆ ಎಂದುಕೊಂಡರೆ ಪೊಟ್ಟಣಗಳಲ್ಲಿ ಮೂರನೇ ಎರಡು ಭಾಗ 494ರಿಂದ 498ರ ಒಳಗಿವೆ ಎಂದು ಓದುತ್ತಾನೆ. ನಿಜದಲ್ಲಿ ವಿಚಲನೆ 8 ಇರುವಾಗ ಅಷ್ಟು ಕಿರಿದಾದ ಜಾಗದಲ್ಲಿ ಬೀಳುವುದು ಐದರಲ್ಲಿ ಒಂದು. ± ಗುರುತಿನ ಪಕ್ಕದಲ್ಲಿ ಅದು ಯಾವುದೆಂಬ ಹೆಸರೂ, ಎಷ್ಟು ಪೊಟ್ಟಣ ಅನ್ನುವ ಸಂಖ್ಯೆಯೂ ಇಲ್ಲದ ಕೋಷ್ಟಕವನ್ನು ನಾವು ಅಚ್ಚಿಗೆ ಕಳಿಸುವುದಿಲ್ಲ.

ಈ ತಪ್ಪು ಹುಟ್ಟುವ ಜಾಗ ಬಹಳ ಸಲ ಎಕ್ಸೆಲ್ ಪರದೆ. ಅದರ Descriptive Statistics ಪಟ್ಟಿಯಲ್ಲಿ Mean ಕೆಳಗಿನ ಸಾಲೇ Standard Error. Standard Deviation ಇನ್ನೂ ಮೂರು ಸಾಲು ಕೆಳಗಿದೆ. ಅವಸರದಲ್ಲಿ ಸರಾಸರಿಯ ಜೊತೆ ಅದರ ಕೆಳಗಿನದನ್ನೂ ನಕಲು ಮಾಡಿಕೊಂಡು ‘ವಿಚಲನೆ’ ಎಂದು ಬರೆದುಬಿಡುತ್ತಾರೆ. ಸಿಕ್ಕಿಬೀಳುವುದೂ ಸುಲಭ: ತೂಕಗಳೆಲ್ಲ 480ರಿಂದ 510ರವರೆಗೆ ಚದುರಿದ್ದು ವಿಚಲನೆ 2 ಎಂದಿದ್ದರೆ ಅದು ವಿಚಲನೆಯಲ್ಲ. ದೋಷಕ್ಕೆಂದೇ ಎಕ್ಸೆಲ್‌ನಲ್ಲಿ ನೇರ ಫಂಕ್ಷನ್ ಇಲ್ಲ, ಹೀಗೆ ಕಟ್ಟಿಕೊಳ್ಳಬೇಕು:

```
=STDEV.S(A2:A17)/SQRT(COUNT(A2:A17))
```

ಇನ್ನೊಂದು ಅಸಂಗತಿ. ಎರಡನೇ ಪುಟದಲ್ಲಿ 8 ಗ್ರಾಂ ಯಂತ್ರದ ಬಹುಕಾಲದ ದಾಖಲೆಯಿಂದ ಬಂದದ್ದು ಎಂದಿದ್ದೀರಿ, ಐದನೆಯದರಲ್ಲಿ ಈ 16 ಪೊಟ್ಟಣಗಳಿಂದಲೇ ಲೆಕ್ಕ ಹಾಕಿದ್ದು ಎಂದಿದ್ದೀರಿ. ಎರಡರಲ್ಲಿ ಒಂದು ಇಟ್ಟುಕೊಳ್ಳಿ, ಯಾಕೆಂದರೆ ಉತ್ತರ ಬದಲಾಗುತ್ತದೆ. ಹದಿನಾರರಿಂದಲೇ ತೆಗೆದ 8 ಕೂಡ ಒಂದು ಅಂದಾಜು, ಅದಕ್ಕೂ ತನ್ನದೇ ಅಲುಗಾಟವಿದೆ. ‘ಸ್ಟೂಡೆಂಟ್’ ಅನ್ನುವ ಹೆಸರಲ್ಲಿ ವಿಲಿಯಂ ಗಾಸೆಟ್ 1908ರಲ್ಲಿ ಪ್ರಕಟಿಸಿದ್ದು ಇದೇ ತೊಂದರೆಗೆ ಪರಿಹಾರ. ಆಗ −2ನ್ನು ಜೆಡ್ ಪಟ್ಟಿಯಲ್ಲಲ್ಲ, 15 ಡಿಗ್ರೀಸ್ ಆಫ್ ಫ್ರೀಡಂನ ಟಿ ಪಟ್ಟಿಯಲ್ಲಿ ನೋಡಬೇಕು. ಎರಡೂ ಬದಿ ಸೇರಿಸಿದರೆ ಜೆಡ್ ಪಟ್ಟಿ 0.046 ಕೊಡುತ್ತದೆ, ಟಿ ಪಟ್ಟಿ 0.06ಕ್ಕೂ ಮೇಲೆ. ತೀರ್ಪಿಗೆ ವಾಡಿಕೆಯಾಗಿ ಎಳೆಯುವ 0.05ರ ಗೆರೆಯ ಆಚೆ ಒಂದು, ಈಚೆ ಒಂದು.

ಕೊನೆಯ ಪುಟದ ಬಗ್ಗೆ. ‘ಜೆಡ್ ಸ್ಕೋರಿಗೆ ಬದಲಿಸಿದರೆ ದತ್ತಾಂಶ ನಾರ್ಮಲ್ ಆಗುತ್ತದೆ’ ಅನ್ನುವುದು ಸುಳ್ಳು. ಸರಾಸರಿ ಕಳೆದು ವಿಚಲನೆಯಿಂದ ಭಾಗಿಸಿದರೆ ಅಳತೆಪಟ್ಟಿ ಬದಲಾಗುತ್ತದೆ, ಹಂಚಿಕೆಯ ಆಕಾರ ಹಾಗೇ ಇರುತ್ತದೆ. ಬಲಕ್ಕೆ ಬಾಲ ಚಾಚಿದ್ದು ಬಾಲ ಚಾಚಿಕೊಂಡೇ ಇರುತ್ತದೆ. ಅದರ ಬೆನ್ನಿಗೇ, ಹತ್ತು ಅಳತೆಗಳ ಪಟ್ಟಿಯಲ್ಲಿ 3ಕ್ಕಿಂತ ಹೆಚ್ಚು ಜೆಡ್ ಬಂದದ್ದನ್ನು ತೆಗೆದುಹಾಕಿ ಎಂದು ಸಲಹೆ ಕೊಟ್ಟಿದ್ದೀರಿ. ಒಂದು ಸಲ ಮಾಡಿ ನೋಡಿ: ಒಂಬತ್ತು ಸೊನ್ನೆ, ಒಂದು 100. ಸರಾಸರಿ 10. ಅಂತರಗಳ ವರ್ಗದ ಮೊತ್ತ 9000, ಇದು ಸ್ಯಾಂಪಲ್ ಆದ್ದರಿಂದ ಹತ್ತರಲ್ಲಿ ಒಂದು ಕಳೆದು ಒಂಬತ್ತರಿಂದ ಭಾಗಿಸಿದರೆ 1000, ವಿಚಲನೆ 31.6. ಆ ನೂರರ ಜೆಡ್ 90 ಭಾಗಿಸು 31.6, ಅಂದರೆ 2.85. ನೂರರ ಬದಲು ಹತ್ತು ಲಕ್ಷ ಇಟ್ಟರೂ ಅದೇ 2.85, ಏಕೆಂದರೆ ಆ ಸಂಖ್ಯೆ ತನ್ನನ್ನು ಅಳೆಯುವ ವಿಚಲನೆಯನ್ನೂ ತನ್ನ ಜೊತೆಗೇ ಎಳೆದೊಯ್ಯುತ್ತದೆ. STDEV.S ಬಳಸಿದರೆ ಹತ್ತು ಅಳತೆಗಳಲ್ಲಿ ಯಾವುದೂ ಇದನ್ನು ದಾಟಲಾರದು. ನೀವು ಹೇಳಿದ ನಿಯಮ ಅಲ್ಲಿ ಯಾವತ್ತೂ ಯಾರನ್ನೂ ಹಿಡಿಯುವುದಿಲ್ಲ.

ತಿದ್ದಿದ ಪ್ರತಿಯಲ್ಲಿ ನಾಲ್ಕನೇ ಪುಟವನ್ನು ಮೊದಲಿಗೆ ತನ್ನಿ, ಒಂದು ಪೊಟ್ಟಣದ −0.5 ಮತ್ತು ಹದಿನಾರರ −2 ಅಕ್ಕಪಕ್ಕ ಇರಲಿ. ಹದಿನಾರೂ ತೂಕಗಳನ್ನು ಪಟ್ಟಿಯಾಗಿ ಕೊಡಿ. ಈಗ ಇರುವುದು ಸರಾಸರಿ ಮಾತ್ರ, ಅದನ್ನಿಟ್ಟುಕೊಂಡು ಓದುಗ ತಾನಾಗಿ ಏನನ್ನೂ ಲೆಕ್ಕ ಹಾಕಿ ನೋಡಲಾರ.