ಅರ್ಜಿಯ ಮೇಲ್ ಮತ್ತು ಬಿಟ್ಟುಹೋದ ಲಗತ್ತು

“ಮೂರು ದಾಖಲೆ ಲಗತ್ತಿಸಿದ್ದೇನೆ ಎಂದು ಬರೆದು ಎರಡನ್ನೇ ಕಳಿಸಿಬಿಟ್ಟೆ. ಮುಂದೆ ಹೀಗಾಗದಂತೆ ಏನು ಮಾಡಲಿ?”

ಮೊದಲು ಕಡತಗಳನ್ನು ಲಗತ್ತಿಸಿ, ಅನಂತರ ಒಕ್ಕಣೆ ಬರೆದು, ವಿಳಾಸವನ್ನು ಕೊನೆಗೆ ತುಂಬಿರಿ; ವಿಳಾಸವಿಲ್ಲದ ಮೇಲ್ ಕೈತಪ್ಪಿ ಹೋಗಲಾರದು. ಒಕ್ಕಣೆಯಲ್ಲಿ ‘ದಾಖಲೆಗಳು’ ಎನ್ನುವ ಬದಲು ಸ್ವವಿವರ, ಪದವಿ ಅಂಕಪಟ್ಟಿ, ಅನುಭವ ಪತ್ರ ಎಂದೇ ಹೆಸರಿಸಿದರೆ, ಪ್ರತಿಯೊಂದಕ್ಕೂ ಕೆಳಗೆ ಕಡತವಿದೆಯೇ ಎಂದು ಬೆರಳಿಟ್ಟು ತಾಳೆ ನೋಡಬಹುದು. scan0012.pdf ಎಂಬಂಥ ಹೆಸರಿದ್ದರೆ ಇದು ಸಾಧ್ಯವಾಗದು. ಲಗತ್ತಿಸುವ ಮುನ್ನವೇ ನಿಮ್ಮ ಹೆಸರನ್ನೂ ದಾಖಲೆಯ ಹೆಸರನ್ನೂ ಸೇರಿಸಿ ಕಡತದ ಹೆಸರು ಬದಲಿಸಿರಿ. ಬಳಿಕ ಪ್ರತಿಯೊಂದನ್ನೂ ಕರಡು ಮೇಲ್‌ನಿಂದಲೇ ತೆರೆದು ನೋಡಿರಿ, ಏಕೆಂದರೆ ಲಗತ್ತಿಸಿದ ಮೇಲೆ ಕಂಪ್ಯೂಟರಿನಲ್ಲಿ ಮಾಡಿದ ತಿದ್ದುಪಡಿ ಮೇಲ್‌ನಲ್ಲಿರುವ ಪ್ರತಿಗೆ ಸೇರುವುದಿಲ್ಲ (ನಾನು ಎಡವಿದ್ದು ಇಲ್ಲಿಯೇ). ಜಿಮೇಲ್‌ನಲ್ಲಿ ಗಾತ್ರ 25 ಎಂಬಿ ಮೀರಿದರೆ ಕಡತದ ಬದಲು ಡ್ರೈವ್ ಕೊಂಡಿ ಹೋಗುತ್ತದೆ. ಅದನ್ನು ತೆರೆಯುವ ಅನುಮತಿಯನ್ನು ಮೇಲ್ ಪಡೆಯುವವರಿಗೆ ಕೊಟ್ಟಿರಬೇಕು.