ಅಲೆಕ್ಸಾಂಡರನನ್ನು ಕೊಂದದ್ದು ವಿಷವೋ, ಜ್ವರವೋ?

"ಅಲೆಕ್ಸಾಂಡರನ ಸಾವಿನ ಬಗ್ಗೆ ಒಬ್ಬರು ವಿಷ ಎನ್ನುತ್ತಾರೆ, ಇನ್ನೊಬ್ಬರು ಜ್ವರ ಎನ್ನುತ್ತಾರೆ. ಯಾರನ್ನು ನಂಬುವುದು? – ವಿರಾಜಪೇಟೆಯಿಂದ"

ಮೊದಲು ಬರಹಗಾರರನ್ನು ಬದಿಗಿಟ್ಟು ದಿನಗಳನ್ನು ಎಣಿಸಿ. ಕ್ರಿ.ಪೂ. 323ರಲ್ಲಿ ಬ್ಯಾಬಿಲೋನ್‌ನಲ್ಲಿ ಔತಣದ ನಂತರ ಅವನಿಗೆ ಜ್ವರ ಬಂದಿತು. ರಾಜನ ದಿನಚರಿ ಆಧರಿಸಿ ಬರೆದ ಗ್ರೀಕ್ ಲೇಖಕರಾದ ಪ್ಲುಟಾರ್ಕ್ ಮತ್ತು ಆರ್ರಿಯನ್ ಪ್ರಕಾರ ಜ್ವರ ಸುಮಾರು ಹತ್ತು ದಿನ ಏರುತ್ತಲೇ ಹೋಯಿತು. ಆರಂಭದಲ್ಲಿ ಅವನು ಸ್ನಾನ ಮಾಡಿ, ಬಲಿ ಅರ್ಪಿಸಿ, ನೌಕಾಯಾನದ ಆದೇಶ ಕೊಡುತ್ತಿದ್ದ. ಕೊನೆಗೆ ಮಾತು ನಿಂತಿತು.

ಇನ್ನೊಬ್ಬ ಗ್ರೀಕ್ ಇತಿಹಾಸಕಾರ ಡಿಯೋಡೋರಸ್ ಹೇಳುವ ಕಥೆ ಬೇರೆ: ದೊಡ್ಡ ಬಟ್ಟಲು ಮದ್ಯ ಕುಡಿದೊಡನೆ ಏಟು ಬಿದ್ದಂತೆ ಚೀರಿದ. ಇದನ್ನು ಪ್ಲುಟಾರ್ಕ್ ಕಟ್ಟುಕತೆ ಎಂದು ತಳ್ಳಿಹಾಕುತ್ತಾನೆ. ನನಗೂ ಹಾಗೆಯೇ ಅನ್ನಿಸುತ್ತದೆ. ಕಾಸರಕದ ವಿಷವಾದರೆ ಗಂಟೆಗಳಲ್ಲೇ ಸೆಳೆತ ಬಂದು ಕೊಲ್ಲುತ್ತದೆ, ಹತ್ತು ದಿನದ ಜ್ವರ ಕೊಡುವುದಿಲ್ಲ. ಪಾಷಾಣವಾದರೆ ವಾಂತಿ, ಭೇದಿ ಎದ್ದು ಕಾಣಬೇಕಿತ್ತು.

ಹಾಗಾದರೆ ಯಾವ ಜ್ವರ? ಟೈಫಾಯ್ಡ್ ಅಥವಾ ಮಲೇರಿಯಾ. ಚಳಿಜ್ವರದ ಕಥೆ ಕೇಳಿ ಬೆಳೆದ ಕೊಡಗಿನವರು ಮೊದಲು ನಡುಕ ಇತ್ತೇ ಎಂದು ಕೇಳುತ್ತಾರೆ; ದಿನಚರಿಯ ಸಾರಾಂಶದಲ್ಲಿ ಅದು ಕಾಣುವುದಿಲ್ಲ. ಏರುತ್ತಲೇ ಹೋಗುವ ಜ್ವರ ಟೈಫಾಯ್ಡ್‌ಗೆ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಂದಾಜು. ಆದರೆ ತೀವ್ರ ಮಲೇರಿಯಾ ಕೂಡ ಬಿಟ್ಟುಬಿಟ್ಟು ಬಾರದೆ ಸತತವಾಗಿ ಸುಡಬಲ್ಲದು.

ಒಂದು ಎಚ್ಚರಿಕೆ. ಮೂಲ ದಿನಚರಿ ಉಳಿದಿಲ್ಲ. ರಾಜ ಸಹಜವಾಗಿ ಸತ್ತ ಎಂದು ತೋರಿಸುವುದು ಅವನ ಸೇನಾಪತಿಗಳಿಗೂ ಬೇಕಿತ್ತು. ದೇಹವೂ ಸಿಕ್ಕಿಲ್ಲ. ಸಿಕ್ಕಿದರೆ ಹಲ್ಲಿನೊಳಗೆ ರೋಗಾಣುವಿನ ಡಿಎನ್‌ಎ ಹುಡುಕಬಹುದು.